ಟಿವಿ ಸ್ಟ್ಯಾಂಡಿನ ಹಿಂದೆ ಸೋರಿಹೋಗುವ ಬೆಳಕು

ಮನೆಯ ಫೈಬರ್ ಇಂಟರ್ನೆಟ್ ಆಗಾಗ ಕಡಿದುಹೋಗುತ್ತಿದ್ದರೆ ನಾನು ಮೊದಲು ನೋಡುವುದು ಗೋಡೆಯ ಬಾಕ್ಸಿನಿಂದ ಮೋಡೆಮಿಗೆ ಬರುವ ಹಳದಿ ಪ್ಯಾಚ್ ಕಾರ್ಡನ್ನು. ಕಂಬದಿಂದ ಬರುವ ಕೇಬಲನ್ನು ಮನೆಯವರು ಮುಟ್ಟುವುದಿಲ್ಲ. ಪೊರಕೆಗೂ ಟಿವಿ ಸ್ಟ್ಯಾಂಡಿಗೂ ಸಿಕ್ಕಿಬೀಳುವುದು ಈ ಎರಡು ಮೀಟರ್ ಮಾತ್ರ.

ಇಂಥದೊಂದು ಕೇಸನ್ನೇ ತೆಗೆದುಕೊಳ್ಳಿ. ಬಾಕ್ಸಿನೊಳಗಿನ ಕನೆಕ್ಟರ್ ಕಳಚಿ ಪವರ್ ಮೀಟರಿಗೆ ಹಾಕಿ, 1490 ನ್ಯಾನೋಮೀಟರಿನಲ್ಲಿ ಅಳೆದಾಗ -20.5 ಡಿಬಿಎಂ. ಬೆಳಕಿನ ಬಲದ ಈ ಅಳತೆಯಲ್ಲಿ ಅಂಕಿ ಸೊನ್ನೆಯಿಂದ ಕೆಳಕ್ಕೆ ಹೋದಷ್ಟೂ ಬೆಳಕು ಕಡಿಮೆ. ಅದನ್ನು ವಾಪಸ್ ಕೂಡಿಸಿ ಪ್ಯಾಚ್ ಕಾರ್ಡಿನ ಮೋಡೆಮ್ ತುದಿಯಲ್ಲಿ ಅಳೆದರೆ -27.8. ಮೋಡೆಮಿನ ಸೆಟ್ಟಿಂಗ್ ಪುಟದಲ್ಲೂ ಒಳಬರುವ ಬೆಳಕಿನ ಬಲ Rx Power ಎಂದು ಕಾಣಿಸುತ್ತದೆ, ಆದರೆ ಆ ಅಂಕಿ ಒಂದೆರಡು ಡಿಬಿ ಆಚೀಚೆ ಇರಬಹುದು. ಹೋಲಿಸುವಾಗ ಎರಡು ಕಡೆಗೂ ಒಂದೇ ಮೀಟರ್ ಬಳಸುವುದು ಒಳ್ಳೆಯದು. ಸಾಮಾನ್ಯ ಜಿಪಾನ್ ಫೈಬರ್ ಮೋಡೆಮ್ ಹಿಡಿಯಬಲ್ಲ ಅತಿ ಕಡಿಮೆ ಬೆಳಕು ಸುಮಾರು -27. ಹಾಗಾಗಿ ಇಲ್ಲಿ ಸಿಗ್ನಲ್ ತಪ್ಪಿದ್ದನ್ನು ತೋರಿಸುವ LOS ದೀಪ ಆಗೊಮ್ಮೆ ಈಗೊಮ್ಮೆ ಕೆಂಪಾಗುತ್ತದೆ. ಸರಿಯಾದ ಕಾರ್ಡ್ ಜೋಡಣೆಯೂ ಸೇರಿ ಅರ್ಧ ಡಿಬಿಯಷ್ಟು ತಿನ್ನಬಹುದು, ಇದು 7.3 ತಿಂದಿದೆ. ಮೂರು ಡಿಬಿ ಹೋಯಿತೆಂದರೆ ಅರ್ಧ ಬೆಳಕು ಹೋಯಿತು ಎಂದು ಲೆಕ್ಕ. ಇಲ್ಲಿ ಉಳಿದದ್ದು ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಕಡಿಮೆ.

ಸ್ಟ್ಯಾಂಡ್ ಸರಿಸಿದರೆ ಗೋಡೆಗೆ ಒತ್ತಿಕೊಂಡು ಲಂಬಕೋನಕ್ಕೆ ಮಡಚಿದ ಕಾರ್ಡ್ ಕಾಣುತ್ತದೆ. ಬಿಡಿಸಿ ಸಡಿಲ ಬಿಟ್ಟ ಕೂಡಲೇ ಮೀಟರ್ -22.9ಕ್ಕೆ ಏರುತ್ತದೆ. ಅಂದರೆ ಸುಮಾರು ಐದು ಡಿಬಿ ಆ ಒಂದೇ ಮಡಿಕೆಯಲ್ಲಿ ಹೋಗುತ್ತಿತ್ತು.

ಯಾಕೆಂದರೆ, 125 ಮೈಕ್ರಾನ್ ಗಾಜಿನ ಎಳೆಯ ನಡುವೆ ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರಾನ್ ಅಷ್ಟೇ. ತಿರುಳಿನ ಗಾಜಿಗೂ ಸುತ್ತಲಿನ ಗಾಜಿಗೂ ವಕ್ರೀಭವನಾಂಕದಲ್ಲಿ ಶೇಕಡಾ ಅರ್ಧದಷ್ಟೂ ವ್ಯತ್ಯಾಸವಿಲ್ಲ. ಬೆಳಕು ಅಂಚನ್ನು ತೀರಾ ಓರೆಯಾಗಿ ಸವರಿಕೊಂಡು ಹೋದರೆ ಮಾತ್ರ ಒಳಗೆ ಉಳಿಯುತ್ತದೆ. ಎಳೆ ಗಕ್ಕನೆ ತಿರುಗಿದ ಕಡೆ ಆ ಓರೆ ತಪ್ಪಿ ಬೆಳಕು ಹೊರಗಿನ ಗಾಜಿಗೆ ಸೋರುತ್ತದೆ. ತರಂಗಾಂತರ ಉದ್ದವಾದಷ್ಟೂ ಬೆಳಕು ತಿರುಳಿನಾಚೆಗೆ ಹೆಚ್ಚು ಹರಡಿಕೊಂಡಿರುವುದರಿಂದ ಮೊದಲು ಸೋರುವುದೂ ಅದೇ. ಇದರಿಂದ ಒಂದು ಉಪಯೋಗ ಉಂಟು: ಲೈಟ್ ಸೋರ್ಸ್ ಇದ್ದರೆ 1310 ಮತ್ತು 1550 ಎರಡರಲ್ಲೂ ನಷ್ಟ ಅಳೆಯಿರಿ. 1550ರಲ್ಲಿ ನಷ್ಟ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಮಡಿಕೆ, ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇದ್ದರೆ ಕೊಳೆ ಎಂದು ಹಿಡಿಯಬಹುದು.

ಕಾರ್ಡಿನ ಮೈಮೇಲೆ G.652D ಎಂದಿದ್ದರೆ ಬಾಗಿನ ತ್ರಿಜ್ಯ 30 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. G.657.A1 ಎಳೆ 10, G.657.A2 ಎಳೆ 7.5 ಮಿಲಿಮೀಟರಿನವರೆಗೂ ತಡೆದುಕೊಳ್ಳುತ್ತದೆ. ನಾನಂತೂ ಯಾವುದಕ್ಕೂ 30 ಬಿಟ್ಟು ಇಳಿಯುವುದಿಲ್ಲ. ಹೆಚ್ಚುವರಿ ಕಾರ್ಡನ್ನು ದೊಡ್ಡ ಸ್ಟೀಲ್ ಲೋಟದ ಅಗಲಕ್ಕೆ ಸುರುಳಿ ಸುತ್ತಿದರೆ ಲೆಕ್ಕ ಸರಿಹೋಗುತ್ತದೆ. ಬಿಗಿ ಬಾಗಿನಲ್ಲಿ ಸಿಗ್ನಲ್ ಚೆನ್ನಾಗಿದ್ದರೂ ಗಾಜಿನ ಮೇಲೆ ಎಳೆತ ಇದ್ದೇ ಇರುತ್ತದೆ, ಕಣ್ಣಿಗೆ ಕಾಣದ ಬಿರುಕು ಬೆಳೆದು ಮುಂದೊಂದು ದಿನ ಎಳೆ ಮುರಿಯಬಹುದು. ಸುರುಳಿಗೆ ಪ್ಲಾಸ್ಟಿಕ್ ಟೈ ಬಿಗಿಯಬೇಡಿ, ಅದು ಹಿಸುಕಿದ ಕಡೆಯೂ ಬೆಳಕು ಸೋರುತ್ತದೆ. ವೆಲ್ಕ್ರೋ ಪಟ್ಟಿಯನ್ನು ಕಾರ್ಡ್ ಒಳಗೆ ಜಾರುವಷ್ಟು ಸಡಿಲವಾಗಿ ಕಟ್ಟಿ.

ನಮ್ಮ ಕೇಸಿನಲ್ಲಿ ಇನ್ನೂ 2.4 ಡಿಬಿ ಬಾಕಿ. ಅದು ಬಾಕ್ಸಿನೊಳಗಿನ ಜೋಡಣೆಯ ಕೊಳೆ. ತಿರುಳೇ 9 ಮೈಕ್ರಾನ್ ಇರುವಾಗ ಅಷ್ಟಗಲದ ಒಂದು ಕಣ ಕೂತರೂ ದಾರಿ ಮುಚ್ಚಿದಂತೆಯೇ. ಕನೆಕ್ಟರ್ ಕೈಗೆ ತೆಗೆದುಕೊಂಡಾಗ ಅದರೊಳಗೆ ಇಣುಕಬೇಡಿ. ಅತಿಗೆಂಪು ಬೆಳಕು ಕಣ್ಣಿಗೆ ಕಾಣುವುದಿಲ್ಲ, ಬರುತ್ತಲೇ ಇರುತ್ತದೆ. ಮೊದಲು ಒಣ ಕ್ಲೀನಿಂಗ್: ಎಸ್‌ಸಿ ಕನೆಕ್ಟರಿಗೆ 2.5, ಎಲ್‌ಸಿಗೆ 1.25 ಮಿಲಿಮೀಟರಿನ ಪೆನ್ ಕ್ಲೀನರನ್ನು ನೇರ ಹಿಡಿದು 'ಟಕ್' ಎನ್ನುವವರೆಗೆ ಒತ್ತಬೇಕು. ಎದುರು ಬದಿಯ ತುದಿಯನ್ನೂ ಅಡಾಪ್ಟರಿನ ತೂತಿನ ಮೂಲಕ ಹೀಗೇ ಒರೆಸಬೇಕು. ಒಂದನ್ನೇ ಒರೆಸಿದರೆ ಇನ್ನೊಂದರ ಕೊಳೆ ಇದಕ್ಕೆ ಅಂಟುತ್ತದೆ.

ಬೆರಳಿನ ಜಿಡ್ಡು ಇದಕ್ಕೆ ಬಗ್ಗುವುದಿಲ್ಲ. ನಾರು ಬಿಡದ ವೈಪಿನ ಮೂಲೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ, ಒದ್ದೆ ಭಾಗದಿಂದ ಒಣ ಭಾಗಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಆಲ್ಕೋಹಾಲ್ ತಾನಾಗಿ ಆರಿದರೆ ಕಲೆ ಉಳಿಯುತ್ತದೆ, ನೀರು ಬೆರೆತ ಸ್ಪಿರಿಟ್ಟಿನದೂ ಅದೇ ಕಥೆ. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆ ಇರುವುದರಿಂದ ವೈಪ್ ಮೇಲೆ ಅದೇ ಓರೆಯಲ್ಲಿ ಇಡಬೇಕು. (ಹಸಿರನ್ನು ನೀಲಿಗೆ ಕೂಡಿಸುವವರೂ ಇದ್ದಾರೆ, ಓರೆ ತುದಿ ಚಪ್ಪಟೆ ತುದಿಗೆ ಕೂರದೆ ನಡುವೆ ಸಂದು ಉಳಿದು ಬೆಳಕು ಹೋಗುತ್ತದೆ.) ಅಂಗಿಯ ಅಂಚಿನಿಂದ ಒರೆಸುವುದು, ಬಾಯಿಂದ ಊದುವುದು ಎರಡೂ ಕೊಳೆಯನ್ನು ಹೆಚ್ಚಿಸುವ ಕೆಲಸ.

ಡಸ್ಟ್ ಕ್ಯಾಪ್ ಹಾಕಿದ್ದರೆ ತುದಿ ಶುದ್ಧವಾಗಿದೆ ಎಂದೇನೂ ಅಲ್ಲ. ಕ್ಯಾಪ್ ಗೀರು ಬೀಳದಂತೆ ಕಾಯುತ್ತದೆ, ಆದರೆ ಅದರ ಒಳಮೈಯಲ್ಲೇ ಧೂಳೂ ಅಚ್ಚಿನ ಜಿಡ್ಡೂ ಇರಬಹುದು. ಹೊಸ ಪ್ಯಾಕೆಟ್ಟಿನ ಕಾರ್ಡನ್ನೂ ನಾನು ಒರೆಸಿಯೇ ಕೂಡಿಸುವುದು. ತೆಗೆದ ಕ್ಯಾಪನ್ನು ಜೇಬಿಗೆ ಹಾಕದೆ ಜಿಪ್ ಕವರಿನಲ್ಲಿಡಿ, ಖಾಲಿ ಅಡಾಪ್ಟರಿಗೂ ಒಂದು ಮುಚ್ಚಳ ಹಾಕಿ.

ಒರೆಸಿದ ಮೇಲೆ ಮೀಟರ್ -20.9 ತೋರಿಸಿತು, ಆ ಕಾರ್ಡ್ ಉಳಿಯಿತು. ಎರಡು ಮೂರು ಸಲ ಒರೆಸಿದರೂ ಅಂಕಿ ಕದಲದಿದ್ದರೆ ತುದಿಗೆ ಗೀರು ಬಿದ್ದಿರುತ್ತದೆ. ಕನೆಕ್ಟರಿನ ಬಾಲದ ರಬ್ಬರನ್ನು ಮೆಲ್ಲಗೆ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಎಳೆ ಅಲ್ಲೇ ಒಡೆದಿದೆ. ಎರಡಕ್ಕೂ ಹೊಸ ಕಾರ್ಡ್ ಹಾಕುವುದೇ ದಾರಿ.