ಡಬ್ಬಿ ಅಂದ ಕೂಡಲೇ ಫೇಲ್: ಜಡ್ಜ್ ಪ್ರಾಂಪ್ಟ್‌ನ ಉದಾಹರಣೆಗಳ ಜತೆ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಾವು ನಾಲ್ಕು ಜನ ಸೇರಿ ರೈತರಿಗೆ ಮಾರುಕಟ್ಟೆ ಧಾರಣೆ ತಿಳಿಸುವ ಸಣ್ಣ ವಾಟ್ಸಾಪ್ ಸೇವೆ ನಡೆಸುತ್ತೇವೆ. ರೈತರು ಪ್ರಶ್ನೆ ಕಳಿಸುತ್ತಾರೆ. ಆ ದಿನದ ಧಾರಣೆ ಚೀಟಿ ನೋಡಿ ಒಂದು ಭಾಷಾ ಮಾಡೆಲ್ ಉತ್ತರ ಬರೆಯುತ್ತದೆ. ಉತ್ತರ ಚೀಟಿಗೆ ತಾಳೆ ಆಗುತ್ತದೆಯೋ ಇಲ್ಲವೋ ಎಂದು ಇನ್ನೊಂದು ಮಾಡೆಲ್ ನೋಡಿ ಪಾಸ್ ಅಥವಾ ಫೇಲ್ ಕೊಡುತ್ತದೆ. ಅದನ್ನು ನಾವು ಜಡ್ಜ್ ಎನ್ನುತ್ತೇವೆ. ಅದಕ್ಕೆ ಕೊಡುವ ಸೂಚನೆ, ಅಂದರೆ ಪ್ರಾಂಪ್ಟ್, ಬರೆದವನು ನಾನೇ.

ನಮ್ಮಲ್ಲಿ ಜಾಸ್ತಿ ಆಗುತ್ತಿದ್ದ ತಪ್ಪು ಒಂದೇ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ತಳಿ ಬೇರೆ, ಕಡ್ಡಿ ತಳಿ ಬೇರೆ. ರೈತರು ಡಬ್ಬಿ ಕೇಳಿದರೆ ಉತ್ತರದಲ್ಲಿ ಕಡ್ಡಿ ರೇಟು ಬರುತ್ತಿತ್ತು. ಅದನ್ನು ಹಿಡಿಯಲಿ ಎಂದು ಜಡ್ಜ್‌ಗೆ ಮೂರು ಉದಾಹರಣೆ ಕೊಟ್ಟೆ. ಉಳ್ಳಾಗಡ್ಡಿಯದೊಂದು, ಶೇಂಗಾದ್ದೊಂದು, ಎರಡೂ ಪಾಸ್. ಮೂರನೆಯದು ಇದು. ರೇಟುಗಳು ತೋರಿಸಲಿಕ್ಕೆ ಬರೆದವು, ನಿಜವಾದ ಧಾರಣೆ ಅಲ್ಲ.

```
<example>
ಚೀಟಿ: ಬ್ಯಾಡಗಿ ಡಬ್ಬಿ 32,000; ಬ್ಯಾಡಗಿ ಕಡ್ಡಿ 27,000
ಪ್ರಶ್ನೆ: ಡಬ್ಬಿ ರೇಟು ಎಷ್ಟು?
ಉತ್ತರ: ಡಬ್ಬಿ ಕ್ವಿಂಟಲ್‌ಗೆ 27,000 ಇದೆ.
ತೀರ್ಪು: ಫೇಲ್
ಕಾರಣ: ಡಬ್ಬಿ ಕೇಳಿದರೆ ಕಡ್ಡಿ ರೇಟು ಕೊಟ್ಟಿದೆ.
</example>
```

ಮೊದಲ ವಾರ ಖುಷಿಯಾಗಿತ್ತು, ತಪ್ಪು ಉತ್ತರಗಳೆಲ್ಲ ಸಿಕ್ಕಿಬೀಳುತ್ತಿದ್ದವು. ಆಮೇಲೆ ನಮ್ಮ ಜತೆ ಕೆಲಸ ಮಾಡುವ ಬ್ಯಾಡಗಿ ಕಡೆಯ ಹುಡುಗಿ ಫೇಲ್ ಆದವನ್ನು ಓದುತ್ತಾ ಕೂತಿದ್ದವಳು ನನ್ನನ್ನು ಕರೆದಳು. "ಸರ, ಇದು ಬರೋಬ್ಬರಿ ಐತ್ರಿ. ಚೀಟಿಯೊಳಗ ಡಬ್ಬಿಗೆ ಏನ್ ಐತಿ, ಉತ್ತರದಾಗೂ ಅದ ಐತಿ. ಇದನ್ಯಾಕ ಫೇಲ್ ಮಾಡೇತ್ರಿ?"

ನೋಡಿದೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಜಡ್ಜ್ ಕಾರಣದ ಜಾಗದಲ್ಲಿ ಕಡ್ಡಿ ರೇಟು ಕೊಟ್ಟಿದೆ ಎಂದೇ ಬರೆದಿತ್ತು. ಉತ್ತರದಲ್ಲಿ ಕಡ್ಡಿ ಎಂಬ ಮಾತೂ ಇರಲಿಲ್ಲ, ಕಡ್ಡಿಯ ರೇಟೂ ಇರಲಿಲ್ಲ. ಅದು ನನ್ನ ಉದಾಹರಣೆಯ ವಾಕ್ಯ. ತೀರ್ಪಿನ ಜತೆ ಕಾರಣವೂ ಅಲ್ಲಿಂದಲೇ ಬಂದಿತ್ತು.

ಹೀಗೆ ಉದಾಹರಣೆಯ ತೀರ್ಪು ಬೇರೆ ಉತ್ತರಕ್ಕೆ ಸೋರಿಕೆ ಆಗಿದೆಯೇ ಎಂದು ತಿಳಿಯಲು ನಾನು ಈಗಲೂ ಮೊದಲು ನೋಡುವುದು ಇದನ್ನೇ. ಕಾರಣದಲ್ಲಿ ಹೇಳಿದ ಮಾತು ಎದುರಿಗಿರುವ ಉತ್ತರದಲ್ಲಿ ಇದೆಯೇ? ಇಲ್ಲದಿದ್ದರೆ ಅದು ಎಲ್ಲಿಂದ ಬಂತು ಎಂದು ಉದಾಹರಣೆಗಳಲ್ಲಿ ಹುಡುಕಬೇಕು.

ಬರೀ ಒಂದನ್ನು ನೋಡಿ ನಿರ್ಧರಿಸಬಾರದು ಅಲ್ವಾ? ಡಬ್ಬಿ ಬಗ್ಗೆ ಸರಿಯಾದ ಉತ್ತರ ಎಂದು ನಾವೇ ಕೈಯಿಂದ ಗುರುತು ಮಾಡಿದ 12 ಉತ್ತರ ತೆಗೆದುಕೊಂಡೆ. ಜಡ್ಜ್ ಅದರಲ್ಲಿ 7ನ್ನು ಫೇಲ್ ಮಾಡಿತು. ಮೆಣಸಿನಕಾಯಿ ಉದಾಹರಣೆ ಒಂದನ್ನೇ ತೆಗೆದು ಮತ್ತೆ ಓಡಿಸಿದೆ. ಒಂದೂ ಫೇಲ್ ಆಗಲಿಲ್ಲ. ಹಾಗಾಗಿ ಜಡ್ಜ್ ಸುಮ್ನೆ ಕಟ್ಟುನಿಟ್ಟಾಗಿದೆ ಎನ್ನುವಂತಿರಲಿಲ್ಲ. ಆ ಉದಾಹರಣೆಯೇ ಕಾರಣ.

ಹಾಗಾದರೆ ತೆಗೆದೇ ಬಿಡೋಣ ಎಂದರೆ ಅದೂ ಆಗಲಿಲ್ಲ. ನಿಜವಾಗಿ ಡಬ್ಬಿ-ಕಡ್ಡಿ ಅದಲು ಬದಲಾದ 10 ಉತ್ತರಗಳನ್ನು ಕೊಟ್ಟಾಗ, ಉದಾಹರಣೆ ಇಲ್ಲದ ಜಡ್ಜ್ 4ನ್ನು ಪಾಸ್ ಮಾಡಿತು. ಎರಡೂ ರೇಟು ಚೀಟಿಯಲ್ಲಿ ಇವೆಯಲ್ಲ, ಸಂಖ್ಯೆ ಕಂಡರೆ ಸಾಕು ಅದಕ್ಕೆ. ಉದಾಹರಣೆ ಬೇಕೇ ಬೇಕಿತ್ತು, ಅದರ ಫೇಲ್ ಮಾತ್ರ ಬೇರೆ ಉತ್ತರಗಳಿಗೆ ಅಂಟಬಾರದಿತ್ತು.

ಮೊದಲು "ಉದಾಹರಣೆಗಳ ತೀರ್ಪನ್ನು ನಕಲು ಮಾಡಬೇಡ, ಮುಂದಿರುವ ಉತ್ತರವನ್ನೇ ನೋಡು" ಎಂದು ಪ್ರಾಂಪ್ಟ್‌ನಲ್ಲಿ ಒಂದು ಸಾಲು ಬರೆದೆ. 7 ಇದ್ದದ್ದು 5 ಆಯಿತು. ಹೇಳಿದ ಮಾತಿಗಿಂತ ತೋರಿಸಿದ ಮಾದರಿಯ ಎಳೆತ ಜೋರಾಗಿತ್ತು.

ಆಗ ಉದಾಹರಣೆಗಳನ್ನು ಜಡ್ಜ್‌ನ ಕಣ್ಣಿನಿಂದ ಓದಿ ನೋಡಿದೆ. ಮೂರರಲ್ಲಿ ಮೆಣಸಿನಕಾಯಿ ಬಂದದ್ದು ಒಂದರಲ್ಲೇ, ಫೇಲ್ ಆದದ್ದೂ ಅದೊಂದೇ. ಅದೇ ಕೊನೆಯದು ಬೇರೆ. ಅಸಲು ತಪ್ಪು 27,000 ಎಂಬ ಒಂದು ಸಂಖ್ಯೆಯಲ್ಲಿತ್ತು. ಆದರೆ ಡಬ್ಬಿ, ಬ್ಯಾಡಗಿ, ಕ್ವಿಂಟಲ್, ಪ್ರಶ್ನೆ ಕೇಳಿದ ರೀತಿ, ಎಲ್ಲವೂ ಆ ಫೇಲ್ ಪಕ್ಕದಲ್ಲೇ ಇದ್ದವು. ಇದರಲ್ಲಿ ಯಾವುದರಿಂದ ಫೇಲ್ ಆಯಿತು ಎಂದು ಬೇರ್ಪಡಿಸಿ ತೋರಿಸುವುದು ನಾನು ಕೊಟ್ಟದ್ದರಲ್ಲಿ ಏನೂ ಇರಲಿಲ್ಲ. ಸಾಲದ್ದಕ್ಕೆ ತೀರ್ಪು ಮೊದಲು, ಕಾರಣ ಆಮೇಲೆ. ಮಾಡೆಲ್ ಬರೆಯುವುದು ಮುಂದೆ ಮುಂದೆ ಮಾತ್ರ. ಫೇಲ್ ಎಂದು ಬರೆದಾದ ಮೇಲೆ ಅದಕ್ಕೆ ಹೊಂದುವ ಕಾರಣವನ್ನೇ ಅದು ಹುಡುಕುತ್ತದೆ.

ಹಾಗಾಗಿ ಒಂಟಿ ಉದಾಹರಣೆ ಬಿಟ್ಟು ಜೋಡಿ ಮಾಡಿದೆ. ಅದೇ ಚೀಟಿ, ಅದೇ ಪ್ರಶ್ನೆ. ಉತ್ತರದಲ್ಲಿ ಸಂಖ್ಯೆ ಒಂದು ಮಾತ್ರ ಬೇರೆ, ಅಷ್ಟಕ್ಕೇ ತೀರ್ಪು ತಿರುಗುತ್ತದೆ. ತೀರ್ಪಿಗಿಂತ ಮೊದಲು ಚೀಟಿಯಿಂದಲೂ ಉತ್ತರದಿಂದಲೂ ಮಾತನ್ನು ಎತ್ತಿ ಬರೆಯಬೇಕು ಎಂದೆ.

```
ಉತ್ತರ: ಡಬ್ಬಿ ಕ್ವಿಂಟಲ್‌ಗೆ 27,000 ಇದೆ.
ಕೇಳಿದ್ದು: ಡಬ್ಬಿ | ಚೀಟಿಯಲ್ಲಿ: 32,000 | ಉತ್ತರದಲ್ಲಿ: 27,000
ತೀರ್ಪು: ಫೇಲ್

ಉತ್ತರ: ಡಬ್ಬಿ ಕ್ವಿಂಟಲ್‌ಗೆ 32,000 ಇದೆ.
ಕೇಳಿದ್ದು: ಡಬ್ಬಿ | ಚೀಟಿಯಲ್ಲಿ: 32,000 | ಉತ್ತರದಲ್ಲಿ: 32,000
ತೀರ್ಪು: ಪಾಸ್
```

ಈಗ ಡಬ್ಬಿ ಎಂಬ ಮಾತು ಎರಡೂ ತೀರ್ಪಿನ ಜತೆ ಇದೆ, ಅದರಿಂದ ಏನನ್ನೂ ಊಹಿಸಲು ಬರುವುದಿಲ್ಲ. ನೋಡಲಿಕ್ಕೆ ಉಳಿಯುವುದು ಆ ಎರಡು ಸಂಖ್ಯೆ ಮಾತ್ರ. 12ರಲ್ಲಿ ತಪ್ಪಾಗಿ ಫೇಲ್ ಆದದ್ದು 1ಕ್ಕೆ ಇಳಿಯಿತು. ಅದಲು ಬದಲಾದ 10 ಉತ್ತರಗಳಲ್ಲಿ 10ನ್ನೂ ಹಿಡಿಯಿತು.

ಇನ್ನೊಂದು ಜೋಡಿಯನ್ನು ದೂರದ ವಿಷಯದಿಂದ ತಂದೆ, ರೇಷ್ಮೆ ಗೂಡು. ಅದರಲ್ಲಿ ಬೈವೋಲ್ಟೀನ್ ಬೇರೆ, ಮಿಶ್ರತಳಿ ಬೇರೆ. ರೇಟು ಕೆಜಿ ಲೆಕ್ಕದಲ್ಲಿ. ನಮ್ಮ ಸೇವೆಗೆ ಗೂಡಿನ ಪ್ರಶ್ನೆ ಬರುವುದೇ ಇಲ್ಲ. ಅದಕ್ಕೇ ಅದನ್ನು ಆರಿಸಿದೆ. ನಿಯಮ ಅದೇ, ಆದರೆ ಅದರ ಮಾತುಗಳು ಯಾವುವೂ ನಮ್ಮ ಪ್ರಶ್ನೆಗಳನ್ನು ಹೋಲುವುದಿಲ್ಲ. ಬರೀ ದೂರದ ಜೋಡಿಯನ್ನೇ ಇಟ್ಟೂ ನೋಡಿದೆ. ಸೋರಿಕೆ ನಿಂತಿತು, ಆದರೆ ಡಬ್ಬಿ-ಕಡ್ಡಿ ಅದಲು ಬದಲಾದವು ಮತ್ತೆ ತಪ್ಪಿಸಿಕೊಂಡವು. ಹತ್ತಿರದ್ದೊಂದು, ದೂರದ್ದೊಂದು ಇದ್ದಾಗ ಚೆನ್ನಾಗಿ ನಡೆಯಿತು.

ಈಗ ಹೊಸ ಉದಾಹರಣೆ ಸೇರಿಸುವ ಮೊದಲು ಅದಕ್ಕೆ ಎರಡು ಪರೀಕ್ಷೆ ಪ್ರಶ್ನೆ ಕಟ್ಟುತ್ತೇನೆ. ಒಂದರಲ್ಲಿ ಮಾತೆಲ್ಲ ಉದಾಹರಣೆಯದೇ, ತೀರ್ಪು ತಿರುಗಿಸುವ ಅಂಶ ಮಾತ್ರ ಬೇರೆ. ಇದರಲ್ಲಿ ಹಳೆಯ ತೀರ್ಪೇ ಬಂದರೆ ಸೋರಿಕೆ. ಇನ್ನೊಂದರಲ್ಲಿ ಬೆಳೆ, ಪ್ರಶ್ನೆ ಎಲ್ಲ ಬೇರೆ, ತಪ್ಪು ಮಾತ್ರ ಅದೇ. ಇದರಲ್ಲಿ ತಪ್ಪು ಸಿಗದಿದ್ದರೆ ಉದಾಹರಣೆ ಏನೂ ಕಲಿಸಿಲ್ಲ ಎಂದರ್ಥ. ಉದಾಹರಣೆಗಳ ಕ್ರಮವನ್ನೂ ಬದಲಿಸಿ ಓಡಿಸುತ್ತೇನೆ, ಯಾಕೆಂದರೆ ಕೊನೆಯದರ ಕಡೆಗೆ ತೀರ್ಪು ವಾಲುವುದನ್ನು ನಾನೇ ಕಂಡಿದ್ದೇನೆ. ಪ್ರಾಂಪ್ಟ್‌ನಲ್ಲಿ ಇಟ್ಟ ಉದಾಹರಣೆಗಳನ್ನು ಜಡ್ಜ್ ಎಷ್ಟು ಸರಿ ಎಂದು ಎಣಿಸುವ ಪಟ್ಟಿಯಲ್ಲಿ ಇಡುವುದಿಲ್ಲ, ಅವು ಹೇಗೂ ಸರಿ ಬರುತ್ತವೆ.

ಜೋಡಿಯಿಂದಲೂ ಒಂದು ತೊಂದರೆ ಆಯಿತು. ಎರಡೂ ಜೋಡಿ ತಳಿಯ ಬಗ್ಗೆಯೇ ಇದ್ದವು. ಹೀಗಾಗಿ ಜಡ್ಜ್ ತಳಿ ಮತ್ತು ರೇಟು ಹೊಂದಿದರೆ ಸಾಕು ಎನ್ನುವಂತೆ ನಡೆಯತೊಡಗಿತು. ಚೀಟಿ ನಿನ್ನೆಯದು, ಉತ್ತರದಲ್ಲಿ ಇವತ್ತಿನ ರೇಟು ಎಂದು ಬರೆದಿದೆ, ಅದೂ ಪಾಸ್. ಇದು ಫೇಲ್ ಸೋರುವುದಕ್ಕಿಂತ ಕೆಟ್ಟದ್ದು. ತಪ್ಪು ಫೇಲ್ ಆದರೆ ನಾವು ಓದುತ್ತೇವೆ, ಪಾಸ್ ಆದದ್ದು ನೇರ ರೈತರ ಫೋನಿಗೆ ಹೋಗುತ್ತದೆ. ಅವರು ಅದನ್ನು ನಂಬಿ ಚೀಲ ಹೇರಿಕೊಂಡು ಹೊರಡುತ್ತಾರೆ. ದಿನಾಂಕಕ್ಕೆ ಬೇರೆ ಉದಾಹರಣೆ ಸೇರಿಸಲಿಲ್ಲ. ಹೋಲಿಸುವ ಸಾಲಿನಲ್ಲೇ "ಚೀಟಿಯ ದಿನ | ಉತ್ತರದ ದಿನ" ಎಂದು ಎರಡು ಜಾಗ ಸೇರಿಸಿದೆ. ಪ್ರತಿ ಸಲ ಆ ಜಾಗ ತುಂಬಲೇಬೇಕಾದ್ದರಿಂದ ಜಡ್ಜ್ ಅದನ್ನು ಬಿಟ್ಟು ಹೋಗುವುದು ನಿಂತಿತು.

ಆ 12ರಲ್ಲಿ ಉಳಿದ ಒಂದು ಇನ್ನೂ ಫೇಲ್ ಆಗುತ್ತಲೇ ಇದೆ. ಚೀಟಿಯಲ್ಲಿ ಬರೀ ಬ್ಯಾಡಗಿ ಎಂದಿದೆ, ಡಬ್ಬಿಯೋ ಕಡ್ಡಿಯೋ ಬರೆದಿಲ್ಲ. ತಳಿ ಗೊತ್ತಾಗುವುದಿಲ್ಲ ಎಂದು ಉತ್ತರ ನಿಜವನ್ನೇ ಹೇಳಿದೆ. ಅದಕ್ಕೊಂದು ಜೋಡಿ ಕಟ್ಟಿದರೆ, ಗೊತ್ತಾಗುವುದಿಲ್ಲ ಎಂದ ಉತ್ತರಗಳೆಲ್ಲ ಪಾಸ್ ಆಗತೊಡಗಿದವು. ಅಂಥ ಚೀಟಿಗಳನ್ನು ಸದ್ಯ ಬ್ಯಾಡಗಿಯ ಹುಡುಗಿಯೇ ಓದಿ ತೀರ್ಪು ಬರೆಯುತ್ತಾಳೆ.