ಸಂಬಳ ಎಲ್ಲಿ ಹೋಯಿತು? ಕಾರ್ಡ್ ಸ್ಟೇಟ್‌ಮೆಂಟ್ ಕೂಡಿಸಿ ನೋಡುವುದು ಹೀಗೆ

ನಮ್ಮ ಅಕ್ಕನ ಮಗಳು ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್. ಬಿಜೈಯಲ್ಲಿ ಪಿಜಿ. ಕೈಗೆ ಬರುವ ಸಂಬಳ 54,000. ಪಿಜಿಗೆ 9,500, ಮೂಡುಬಿದಿರೆಯ ಮನೆಗೆ 10,000, ಕ್ರೆಡಿಟ್ ಕಾರ್ಡಿಗೆ 25,000 ಕಟ್ಟಿದರೆ ಉಳಿಯುವುದು ಒಂಬತ್ತೂವರೆ ಸಾವಿರ. ಅದು ಇಪ್ಪತ್ತನೇ ತಾರೀಕಿನ ಹೊತ್ತಿಗೆ ಮುಗಿದಿರುತ್ತದೆ. ಆಮೇಲೆ ಮತ್ತೆ ಕಾರ್ಡೇ ಗತಿ.

"ಆ ಆನ್‌ಲೈನ್ ಊಟ ನಿಲ್ಲಿಸು, ಎಲ್ಲ ಸರಿಯಾಗ್ತದೆ" ಎನ್ನುವುದು ಅಕ್ಕನ ವಾದ. ಊಟವೇ ಕಾರಣವೋ ಅಲ್ಲವೋ ಎಂದು ಹೇಳಲು ಯಾರ ಬಳಿಯೂ ಲೆಕ್ಕ ಇರಲಿಲ್ಲ. ನಾನು ಹಂಪನಕಟ್ಟೆಯ ಒಬ್ಬ ಲೆಕ್ಕಪರಿಶೋಧಕರ ಆಫೀಸಿನಲ್ಲಿ ಕೆಲಸ ಮಾಡುವವಳು. ಒಂದು ಭಾನುವಾರ ಅವಳು ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು. ಅಂದು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮ ಸ್ಟೇಟ್‌ಮೆಂಟಿಗೂ ಇದೇ ಕ್ರಮ ಸಾಕು.

ಮೊದಲು: ಮೂರು ತಿಂಗಳ ಪಿಡಿಎಫ್

ಒಂದೇ ತಿಂಗಳ ಬಿಲ್ ನೋಡಿದರೆ ಮೋಸ ಹೋಗುತ್ತೀರಿ. ಆ ತಿಂಗಳು ಮದುವೆ ಉಡುಗೊರೆಯೋ ಸ್ಕೂಟರ್ ರಿಪೇರಿಯೋ ಇದ್ದರೆ ಲೆಕ್ಕ ಅತ್ತಿತ್ತ ಆಗುತ್ತದೆ. ಸಾಲಾಗಿ ಮೂರು ತಿಂಗಳದ್ದು ಇಳಿಸಿಕೊಳ್ಳಿ. ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಅದು ಹೇಗಿರುತ್ತದೆ ಎಂದು ಬ್ಯಾಂಕಿನ ಇಮೇಲ್‌ನಲ್ಲೇ ಬರೆದಿರುತ್ತದೆ.

ಅವಳು ಮೊದಲು ಮಾಡಿದ್ದು ಹೆಚ್ಚಿನವರು ಮಾಡುವುದನ್ನೇ. ಮೂರೂ ಬಿಲ್ಲಿನ Total Amount Due ಕೂಡಿಸಿದಳು. 83,449 ಬಂತು. "ಅಬ್ಬಾ, ಇಷ್ಟು ಖರ್ಚು ಮಾಡಿದ್ದೀನಾ ಚಿಕ್ಕಮ್ಮ?" ಎಂದಳು. ಇಲ್ಲ, ಮಾಡಿರಲಿಲ್ಲ. ಹಿಂದಿನ ಬಿಲ್ಲಿನಲ್ಲಿ ಕಟ್ಟದೆ ಉಳಿದ ಹಣ ಮುಂದಿನ ಬಿಲ್ಲಿನ ಮೊತ್ತದೊಳಗೆ ಮತ್ತೆ ಸೇರಿರುತ್ತದೆ. ಹಾಗಾಗಿ ಬಿಲ್ಲಿನ ಮೊತ್ತಗಳನ್ನು ಕೂಡಿಸಬಾರದು. ಒಳಗಿನ ಒಂದೊಂದು ಸಾಲನ್ನು ಕೂಡಿಸಬೇಕು.

ಸಾಲುಗಳನ್ನು ಶೀಟಿಗೆ ಹಾಕುವುದು

ಪಿಡಿಎಫ್‌ನಿಂದ ವಹಿವಾಟಿನ ಸಾಲುಗಳನ್ನು ಕಾಪಿ ಮಾಡಿ ಶೀಟಿನಲ್ಲಿ ಅಂಟಿಸಿ. ನಾಲ್ಕು ಕಾಲಂ ಸಾಕು: ತಾರೀಕು, ವಿವರ, ಮೊತ್ತ, ಗುಂಪು. ಇಲ್ಲೊಂದು ತೊಡಕು ಬರುತ್ತದೆ. ಅಂಟಿಸಿದ ಮೊತ್ತ ಎಷ್ಟೋ ಸಲ ಸಂಖ್ಯೆಯಾಗಿ ಬರುವುದಿಲ್ಲ, ಬರೀ ಅಕ್ಷರವಾಗಿ ಬರುತ್ತದೆ. ಕೂಡಿಸಿದರೆ ಸೊನ್ನೆ ತೋರಿಸುತ್ತದೆ, ಇಲ್ಲವೇ ಕೆಲವು ಸಾಲು ಸುಮ್ನೆ ಬಿಟ್ಟುಹೋಗುತ್ತವೆ. ಗುರುತಿಸುವುದು ಸುಲಭ. ಸಂಖ್ಯೆಯಾದರೆ ಚೌಕದ ಬಲಬದಿಗೆ ನಿಲ್ಲುತ್ತದೆ, ಅಕ್ಷರವಾದರೆ ಎಡಬದಿಗೆ. ಎಡಕ್ಕೆ ನಿಂತಿದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಸರಿಮಾಡಿ:

```
=VALUE(SUBSTITUTE(C2,",",""))
```

ಮೊತ್ತದ ಪಕ್ಕ Cr ಎಂದಿದ್ದರೆ ಆ ಹಣ ನಿಮ್ಮ ಕಾರ್ಡಿಗೆ ಬಂದದ್ದು. Cr ಅಕ್ಷರ ಅಳಿಸಿ, ಮೊತ್ತದ ಮುಂದೆ ಮೈನಸ್ ಹಾಕಿ. ಆಮೇಲೆ ಸರಿಮಾಡಿದ ಸಂಖ್ಯೆಗಳನ್ನು ಕಾಪಿ ಮಾಡಿ, ಮೊತ್ತದ C ಕಾಲಂನ ಮೇಲೆ Paste values ಆಗಿ ಅಂಟಿಸಿ. ಆದರೆ Cr ಸಾಲಿನಲ್ಲಿ ಎರಡು ಜಾತಿ ಉಂಟು. ವಾಪಸ್ ಕಳಿಸಿದ ಬಟ್ಟೆಯ ಹಣ ಬಂದಿದ್ದರೆ ಅದನ್ನು ಬಟ್ಟೆಯ ಗುಂಪಿಗೇ ಸೇರಿಸಬೇಕು, ಆಗ ಖರ್ಚು ಇಳಿಯುತ್ತದೆ. ನೀವು ಬಿಲ್ ಕಟ್ಟಿದ ಹಣವನ್ನು 'ಪಾವತಿ' ಎಂಬ ಬೇರೆ ಗುಂಪಿಗೆ ಹಾಕಬೇಕು. ಅದು ಖರ್ಚೂ ಅಲ್ಲ, ಉಳಿತಾಯವೂ ಅಲ್ಲ.

ವಿವರದ ಕಾಲಂನಲ್ಲಿ ಅಂಗಡಿಯ ಬೋರ್ಡಿನ ಹೆಸರು ಇರುತ್ತದೆ ಎಂದುಕೊಳ್ಳಬೇಡಿ. ಮಾಲೀಕರ ಸಂಸ್ಥೆಯ ಹೆಸರೋ ಹಣ ದಾಟಿಸುವ ಕಂಪನಿಯ ಹೆಸರೋ ಇರಬಹುದು. ಅವಳ ಪಟ್ಟಿಯಲ್ಲಿ ಗುರುತೇ ಸಿಗದ 640 ರೂಪಾಯಿ ಒಂದಿತ್ತು. ಕಾರ್ಡ್ ಯಾರೋ ಕದ್ದು ಬಳಸಿದ್ದಾರೆ ಎಂದು ಗಾಬರಿಯಾದಳು. ಆ ತಾರೀಕಿನ ಎಸ್‌ಎಂಎಸ್ ಹುಡುಕಿ ಸಮಯ ನೋಡಿದೆವು. ಗೆಳತಿಯರ ಜೊತೆ ಕದ್ರಿಯಲ್ಲಿ ಗಡ್‌ಬಡ್ ತಿಂದ ಸಂಜೆಯ ಬಿಲ್ ಅದು! ಹೀಗೆ ತಾರೀಕು, ಮೊತ್ತ ಹಿಡಿದು ಎಸ್‌ಎಂಎಸ್ ಮತ್ತು ಇಮೇಲ್ ಹುಡುಕಿದರೆ ಹೆಚ್ಚಿನವು ಸಿಗುತ್ತವೆ. ಏನು ಮಾಡಿದರೂ ಸಿಗದಿದ್ದರೆ ಮಾತ್ರ ತಡಮಾಡದೆ ಬ್ಯಾಂಕಿಗೆ ದೂರು ಕೊಡಿ.

ಲೆಕ್ಕ ತಾಳೆಯಾಗುತ್ತದೆಯೇ?

ಗುಂಪು ಮಾಡುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ಎಲ್ಲೋ ಒಂದು ಸಾಲು ಬಿಟ್ಟುಹೋಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಮೊದಲ ಬಿಲ್ಲಿನ ಆರಂಭದ ಬಾಕಿಗೆ ಮೂರೂ ತಿಂಗಳ ಖರ್ಚಿನ ಸಾಲುಗಳನ್ನು ಕೂಡಿಸಿ, Cr ಸಾಲುಗಳನ್ನು ಕಳೆಯಿರಿ. ಕೊನೆಯ ಬಿಲ್ಲಿನ ಮೊತ್ತ ಬರಬೇಕು.

ಅವಳದ್ದು: ಆರಂಭದಲ್ಲಿ 28,400. ಖರ್ಚಿನ ಸಾಲುಗಳು 76,225. ಕಟ್ಟಿದ್ದು 75,000, ವಾಪಸ್ ಬಂದದ್ದು 2,100. ಕೂಡಿಸಿ ಕಳೆದರೆ 27,525. ಕೊನೆಯ ಬಿಲ್ಲಿನಲ್ಲಿ ಇದ್ದದ್ದೂ ಅಷ್ಟೇ. ಅಂದರೆ ಮೂರು ತಿಂಗಳ ನಿಜವಾದ ಖರ್ಚು 76,225ರಲ್ಲಿ 2,100 ಕಳೆದು 74,125.

ಈಗ ಗುಂಪು. ನಾಲ್ಕನೇ ಕಾಲಂನಲ್ಲಿ ಊಟ, ಕಂತು, ಬಟ್ಟೆ, ಪೆಟ್ರೋಲ್ ಹೀಗೆ ಬರೆಯುತ್ತಾ ಹೋಗಿ. ಆಮೇಲೆ ಒಂದೊಂದು ಗುಂಪಿಗೆ ಒಂದು ಸಾಲು:

```
=SUMIF(D:D,"ಊಟ",C:C)
```

ಗುಂಪಿನ ಹೆಸರು ಎಲ್ಲ ಕಡೆ ಒಂದೇ ರೀತಿ ಇರಲಿ. ಒಂದು ಕಡೆ 'ಊಟ', ಇನ್ನೊಂದು ಕಡೆ 'ಊಟತಿಂಡಿ' ಎಂದು ಬರೆದರೆ ಎರಡನೆಯದು ಲೆಕ್ಕಕ್ಕೆ ಬರುವುದಿಲ್ಲ.

ಏನು ಕಂಡಿತು

ಆನ್‌ಲೈನ್ ಊಟ 17,690. ಅಕ್ಕನ ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಅದು ಮೊದಲ ಸ್ಥಾನದಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಮೇಲೆ ಇದ್ದದ್ದು ಕಂತು, 21,150. ಅವಳ ಫೋನಿಗೆ ತಿಂಗಳಿಗೆ 4,150, ಮನೆಗೆ ಕೊಂಡ ಫ್ರಿಜ್ಜಿಗೆ 2,900. ಉಳಿದದ್ದರಲ್ಲಿ ಬಟ್ಟೆಬರೆ 10,380, ತಿರುಗಾಟ 7,800, ಪೆಟ್ರೋಲ್ 5,400, ಚಿಲ್ಲರೆ 4,900, ಆ್ಯಪ್‌ಗಳ ಚಂದಾ 3,930. ಮತ್ತೆ ಅವಳು ಊಹಿಸಿಯೇ ಇರದ ಒಂದು ಗುಂಪು: ಬಡ್ಡಿ ಮತ್ತು ಅದರ ಮೇಲಿನ ಜಿಎಸ್‌ಟಿ, 2,875.

ಕಂತು, ಚಂದಾ, ಬಡ್ಡಿ ಈ ಮೂರನ್ನು ಕೂಡಿಸಿದರೆ 27,955. ಕಾರ್ಡಿನ ಖರ್ಚಿನಲ್ಲಿ ನೂರಕ್ಕೆ ಸುಮಾರು 38 ರೂಪಾಯಿ. ಇದು ತಿಂಗಳು ಶುರುವಾಗುವ ಮೊದಲೇ ಹೊರಟುಹೋದ ಹಣ. ಅವಳು ತಿಂಗಳಿಡೀ ಊಟದಲ್ಲಿ ಕೈ ಬಿಗಿಹಿಡಿದರೂ ಈ ಭಾಗ ಹೆಚ್ಚೇನೂ ಇಳಿಯುತ್ತಿರಲಿಲ್ಲ. ಸಂಬಳ ಮಾಯವಾದಂತೆ ಅನ್ನಿಸುತ್ತಿದ್ದದ್ದು ಇದಕ್ಕೇ. ಹಿಂದೆ ಯಾವಾಗಲೋ ಹೂಂ ಅಂದದ್ದು ಈಗ ನೆನಪಿನಲ್ಲಿ ಇರುವುದಿಲ್ಲ, ಆದರೆ ಬಿಲ್ಲಿನಲ್ಲಿ ಇರುತ್ತದೆ.

ಮೂರು ಸಾವಿರ ಬಾಕಿಗೆ ಅಷ್ಟು ಬಡ್ಡಿ ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಬಿಲ್ ಸುಮಾರು 28,000 ಬರುತ್ತಿತ್ತು. ಅವಳು ರೌಂಡ್ ಆಗಿ 25,000 ಕಟ್ಟುತ್ತಿದ್ದಳು. ಕನಿಷ್ಠ ಮೊತ್ತಕ್ಕಿಂತ ಎಷ್ಟೋ ಜಾಸ್ತಿ ಕಟ್ಟುತ್ತೇನಲ್ಲ, ಉಳಿದ ಮೂರು ಸಾವಿರಕ್ಕೆ ಮಾತ್ರ ಬಡ್ಡಿ ಎಂದುಕೊಂಡಿದ್ದಳು. ಅವಳ ಕಾರ್ಡಿನ ದರ ತಿಂಗಳಿಗೆ ಶೇ 3.75, ಅಂದರೆ ವರ್ಷಕ್ಕೆ ಶೇ 45. ಆ ಲೆಕ್ಕದಲ್ಲಿ ತಿಂಗಳಿಗೆ 115 ರೂಪಾಯಿ ಆಸುಪಾಸು ಆಗಬೇಕಿತ್ತು. ಬಿಲ್ಲಿನ Finance Charges ಸಾಲಿನಲ್ಲಿ ಇದ್ದದ್ದು 800 ಚಿಲ್ಲರೆ.

"ಇದು ಎಂತದ್ದು ಚಿಕ್ಕಮ್ಮ, ಬ್ಯಾಂಕಿನವರ ಲೆಕ್ಕ ತಪ್ಪಿದೆಯಾ?"

ತಪ್ಪಿಲ್ಲ. ಬಿಲ್ ಪೂರ್ತಿ ಕಟ್ಟುವವರೆಗೆ ಮಾತ್ರ ಕಾರ್ಡಿನಲ್ಲಿ ಬಡ್ಡಿ ಇಲ್ಲದ ದಿನಗಳು ಸಿಗುತ್ತವೆ. ಸ್ವಲ್ಪ ಬಾಕಿ ಉಳಿಸಿದರೂ ಆ ಸೌಲಭ್ಯ ನಿಲ್ಲುತ್ತದೆ. ಆಗ ಹೊಸದಾಗಿ ಕೊಂಡ ಪ್ರತಿಯೊಂದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಕಂತು, ಹಳೆ ಬಡ್ಡಿ ಇವಕ್ಕೆ ಲೆಕ್ಕ ಇದೇ ರೀತಿ ಇರುವುದಿಲ್ಲ, ಹಾಗಾಗಿ ಅಂದಾಜಿಗೆ ಎರಡನ್ನೂ ಬಿಟ್ಟೆವು. ಉಳಿದ ಖರ್ಚು ತಿಂಗಳಿಗೆ 16,700. ಬಿಲ್ 17ನೇ ತಾರೀಕು ಆಗುತ್ತದೆ, ಹಣ ಕಟ್ಟುವುದು ಮುಂದಿನ 5ಕ್ಕೆ. ಬಿಲ್ ಆಗುವವರೆಗೆ ಸರಾಸರಿ 15 ದಿನ, ಆಮೇಲೆ ಕಟ್ಟುವವರೆಗೆ 18, ಹೀಗೆ ಒಂದು ಖರ್ಚು ಸರಾಸರಿ 33 ದಿನ ಕಾರ್ಡಿನ ಮೇಲೆ ಕೂತಿರುತ್ತದೆ.

```
16700 × 45/100 × 33/365 = 679
```

ಇದಕ್ಕೆ ಹಳೆ ಬಾಕಿಯ ಬಡ್ಡಿ 115 ಸೇರಿಸಿದರೆ ಎಂಟುನೂರರ ಹತ್ತಿರ ಬಂತು. ಮೇಲೆ ಶೇ 18 ಜಿಎಸ್‌ಟಿ. ಮೂರು ಸಾವಿರ ಉಳಿಸಿಕೊಂಡದ್ದಕ್ಕೆ ತಿಂಗಳಿಗೆ ಸುಮಾರು 940 ರೂಪಾಯಿ.

ದಾರಿ ಒಂದೇ: ಒಮ್ಮೆ Total Amount Due ಪೂರ್ತಿ ಕಟ್ಟುವುದು. ಅವಳಿಗೆ 25,000ದ ಮೇಲೆ 2,525 ಬೇಕಿತ್ತು. ಆ ತಿಂಗಳು ಮನೆಗೆ ಅಷ್ಟು ಕಡಿಮೆ ಕಳಿಸಿದಳು. ಅಕ್ಕನಿಗೆ ಫೋನಿನಲ್ಲಿ ಲೆಕ್ಕ ಹೇಳಿದಾಗ, "ಮೊದಲೇ ಹೇಳಬಾರದಿತ್ತಾ ಮಾರಾಯ್ತಿ" ಎಂದಳು, ಅಷ್ಟೇ.

ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಬಡ್ಡಿ ಬರುತ್ತದೆ. ಬಿಲ್ ಆದ ದಿನದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಅವಳಿಗೆ 430 ರೂಪಾಯಿ ಚಿಲ್ಲರೆ ಬಂತು. ಕಟ್ಟಿದ್ದು ವ್ಯರ್ಥವಾಯಿತು ಎಂದುಕೊಂಡು ಮತ್ತೆ ಬಾಕಿ ಉಳಿಸಬೇಡಿ. ಆ ಬಿಲ್ಲನ್ನೂ ಪೂರ್ತಿ ಕಟ್ಟಿ. ಅದರ ಮುಂದಿನ ಬಿಲ್ಲಿನಲ್ಲಿ Finance Charges ಸಾಲು ಇಲ್ಲದಿದ್ದರೆ ಸರಿಹೋಯಿತು ಎಂದರ್ಥ.

ಚಂದಾ ಮತ್ತು ಕಂತು

ಚಂದಾದಲ್ಲಿ ಐದು ಆ್ಯಪ್ ಇದ್ದವು. ಎರಡನ್ನು ಅವಳು ಫೋನಿನಿಂದ ಎಂದೋ ಅಳಿಸಿದ್ದಳು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಕಾರ್ಡಿಗೆ ಕೊಟ್ಟ ಆಟೋ ಪಾವತಿಯ ಒಪ್ಪಿಗೆ ರದ್ದಾಗಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಅವರು ಕೊಡುವ ಲಿಂಕಿನಲ್ಲಿ ಇಂಥ ಒಪ್ಪಿಗೆಗಳ ಪಟ್ಟಿ ಸಿಗುತ್ತದೆ, ಅಲ್ಲೇ ರದ್ದು ಮಾಡಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. 2021ರ ಅಕ್ಟೋಬರ್‌ನಿಂದ ಇದು ಜಾರಿಯಲ್ಲಿದೆ. ಅವಳಿಗೂ ಬರುತ್ತಿತ್ತು, ಜಾಹೀರಾತುಗಳ ನಡುವೆ ಓದದೆ ಬಿದ್ದಿತ್ತು.

ಕಂತಿನ ವಿಷಯದಲ್ಲಿ ಅವಸರ ಬೇಡ. ಫೋನಿನ ನಾಲ್ಕು ಕಂತು ಬಾಕಿ ಇತ್ತು. "ಈಗಲೇ ಮುಗಿಸಿಬಿಡ್ಲಾ?" ಎಂದು ಕೇಳಿದಳು. ಅವಧಿಗೆ ಮೊದಲು ಮುಗಿಸಿದರೆ ಬ್ಯಾಂಕ್ ಶುಲ್ಕ ಹಾಕಬಹುದು, ಅದಕ್ಕೂ ಜಿಎಸ್‌ಟಿ ಸೇರುತ್ತದೆ. ಕೊನೆಯ ಕಂತುಗಳಲ್ಲಿ ಅಸಲೇ ಜಾಸ್ತಿ, ಬಡ್ಡಿ ಕಡಿಮೆ. ಕಸ್ಟಮರ್ ಕೇರ್‌ನಲ್ಲಿ ಶುಲ್ಕ ಎಷ್ಟು, ಉಳಿದ ಬಡ್ಡಿ ಎಷ್ಟು ಎಂದು ಎರಡನ್ನೂ ಕೇಳಿ ಹೋಲಿಸಬೇಕು. ಅವಳ ಲೆಕ್ಕದಲ್ಲಿ ಶುಲ್ಕವೇ ಜಾಸ್ತಿಯಾಯಿತು, ಹಾಗಾಗಿ ಬಿಟ್ಟಳು.

ಇನ್ನು ಉಳಿದದ್ದು ಯುಪಿಐಯಲ್ಲಿ ಹೋಗುವ ಒಂಬತ್ತೂವರೆ ಸಾವಿರ. ಅದು ಕಾರ್ಡಿನ ಬಿಲ್ಲಿನಲ್ಲಿ ಕಾಣುವುದಿಲ್ಲ, ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ಬೇಕು. ಅದನ್ನು ಇದೇ ಶೀಟಿಗೆ ಸೇರಿಸುವಾಗ ಅಲ್ಲಿರುವ 25,000ದ ಕಾರ್ಡ್ ಪಾವತಿಯನ್ನು 'ಪಾವತಿ' ಗುಂಪಿಗೇ ಹಾಕಿ. ಆ ಹಣದ ಖರ್ಚು ಒಂದೊಂದು ಸಾಲಾಗಿ ಆಗಲೇ ಶೀಟಿನಲ್ಲಿ ಇದೆ. ಮತ್ತೆ ಖರ್ಚೆಂದು ಬರೆದರೆ ಎರಡು ಸಲ ಎಣಿಸಿದಂತಾಗುತ್ತದೆ.