ಒಂದು ಸ್ಲೈಡಿಗೆ ಒಂದೇ ಬದಲಾವಣೆ: ಮಕ್ಕಳಿಗೆ ಲೂಪ್ ಕಲಿಸಿದ ನನ್ನ ಅನುಭವ

ಆರು, ಏಳನೇ ತರಗತಿಯ ಮಕ್ಕಳಿಗೆ ಪೈಥಾನ್ ಹೇಳಿಕೊಡುವಾಗ ಲೂಪ್ ಪಾಠಕ್ಕೆ ನಾನು ಒಂದು ಕ್ಯಾರೊಸೆಲ್ ಮಾಡಿಟ್ಟುಕೊಂಡಿದ್ದೇನೆ. ಬೆರಳಲ್ಲಿ ಸರಿಸುತ್ತಾ ಒಂದೊಂದಾಗಿ ನೋಡುವ ಸ್ಲೈಡುಗಳು, ಅಷ್ಟೇ. ಅದಕ್ಕೆ ನಾನು ಹಾಕಿಕೊಂಡ ನಿಯಮ ಒಂದೇ. ಹಿಂದಿನ ಸ್ಲೈಡಿನ ಕೋಡ್‌ನಲ್ಲಿ ಒಂದೇ ಒಂದು ವಿಷಯ ಬದಲಾಗಬೇಕು. ಕೆಳಗೆ ಒಂದು ಪ್ರಶ್ನೆ ಇರಬೇಕು, ಉತ್ತರ ಮುಂದಿನ ಸ್ಲೈಡಿನಲ್ಲಿ ಸಿಗಬೇಕು. ಉತ್ತರವನ್ನು ಜೋರಾಗಿ ಹೇಳಿದ ಮೇಲೆಯೇ ಸರಿಸಬೇಕು. ಊಹಿಸದೆ ಸುಮ್ನೆ ಸರಿಸುತ್ತಾ ಹೋದರೆ ಮಕ್ಕಳಿಗೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಆದರೆ ಕೈಯಲ್ಲಿ ಬರೆಯಲು ಬರುವುದಿಲ್ಲ.

ಮೊದಲ ಸ್ಲೈಡಿನಲ್ಲಿ ಲೂಪ್ ಇಲ್ಲವೇ ಇಲ್ಲ. `print("ಕುಣಿ")` ಅನ್ನುವ ಸಾಲು ಮೂರು ಸಲ ಇದೆ. ಕೆಳಗಿನ ಪ್ರಶ್ನೆ: ನೂರು ಸಲ ಕುಣಿಯಬೇಕಾದರೆ? ಮಕ್ಕಳು 'ಕಾಪಿ, ಪೇಸ್ಟ್' ಅನ್ನುತ್ತಾರೆ. ಸರಿ, ಆಮೇಲೆ 'ಕುಣಿ' ಬದಲು 'ಹಾರು' ಬೇಕು ಅಂದರೆ ಎಷ್ಟು ಕಡೆ ತಿದ್ದಬೇಕು ಅಂತ ಕೇಳಿದಾಗ ಲೂಪ್ ಯಾಕೆ ಬೇಕು ಅನ್ನುವುದು ತಾನಾಗಿ ಬರುತ್ತದೆ. ಎರಡನೇ ಸ್ಲೈಡು ಅದೇ ಕೆಲಸವನ್ನು ಎರಡು ಸಾಲಿನಲ್ಲಿ ಮಾಡುತ್ತದೆ. ಮೂರನೆಯದರಲ್ಲಿ ಹೊಸ ಸಾಲೊಂದು ಸೇರುತ್ತದೆ:

```python
for i in range(3):
    print("ಕುಣಿ")
print("ಕೂರು")
```

'ಕೂರು' ಎಷ್ಟು ಸಲ ಬರುತ್ತದೆ? ಇಲ್ಲಿ ತರಗತಿ ಎರಡು ಪಾಲಾಗುತ್ತದೆ. ನಾನು ಸರಿ ತಪ್ಪು ಹೇಳುವುದಿಲ್ಲ. ಒಬ್ಬರನ್ನು ಕಂಪ್ಯೂಟರ್ ಮಾಡಿ ನಿಲ್ಲಿಸುತ್ತೇನೆ, ಇನ್ನೊಬ್ಬರು ಸಾಲಿನ ಮೇಲೆ ಬೆರಳಿಟ್ಟು ಓದಬೇಕು. ಬೆರಳು ಒಳಕ್ಕೆ ಸರಿದ ಸಾಲು ಮುಗಿಸಿದರೆ ಮತ್ತೆ `for` ಸಾಲಿಗೆ ಹೋಗಬೇಕು. ಮೂರು ಸುತ್ತು ಮುಗಿದ ಮೇಲೆ ಮಾತ್ರ ಕೆಳಗೆ ಇಳಿಯಬೇಕು. ಕುಣಿ, ಕುಣಿ, ಕುಣಿ, ಕೂರು. ಮುಂದಿನ ಸ್ಲೈಡಿನಲ್ಲಿ ಆ ಕೊನೆಯ ಸಾಲು ನಾಲ್ಕು ಸ್ಪೇಸ್ ಒಳಕ್ಕೆ ಹೋಗಿರುತ್ತದೆ, ಬೇರೇನೂ ಬದಲಾಗಿಲ್ಲ. ಈಗ ಕಂಪ್ಯೂಟರ್ ಆದ ಮಗು ಮೂರು ಸಲ ಕುಣಿದು ಮೂರು ಸಲ ಕೂರಬೇಕು. ಬರೀ ಖಾಲಿ ಜಾಗ ಇಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದು ಕಷ್ಟ. ಕಾಲು ನೋವು ಬಂದರೆ ಹೋಗುತ್ತದೆ!

ಆಮೇಲೆ ಎರಡನೇ ಸ್ಲೈಡಿನ ಕೋಡ್‌ಗೇ ಮರಳಿ, `print("ಕುಣಿ")` ಜಾಗದಲ್ಲಿ `print(i)`. ಬಹಳ ಮಕ್ಕಳ ಊಹೆ 1, 2, 3. ಬರುವುದು 0, 1, 2. ಸೊನ್ನೆಯಿಂದ ಎಣಿಕೆ ಯಾಕೆ ಶುರುವಾಗುತ್ತದೆ ಅನ್ನುವ ವಿವರಣೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಸ್ಲೈಡಿನಲ್ಲಿ ಮೂರು ಖಾಲಿ ಚೌಕ ಬರೆದಿರುತ್ತೇನೆ. ಪ್ರತಿ ಸುತ್ತಿನಲ್ಲಿ `i` ಎಷ್ಟು ಅಂತ ಮಗು ತುಂಬಬೇಕು. ಚೌಕ ಮೂರೇ, ಸಂಖ್ಯೆಯೂ ಮೂರೇ, ಆದರೆ 3 ಮಾತ್ರ ಇಲ್ಲ. ಅದರ ಮುಂದಿನ ಸ್ಲೈಡು `range(1, 4)`. ಕೊನೆಯ ಸಂಖ್ಯೆ ಬರುವುದಿಲ್ಲ, ಅದರ ಹಿಂದಿನದಕ್ಕೇ ನಿಲ್ಲುತ್ತದೆ ಅನ್ನುವುದು ಎರಡನ್ನೂ ಪಕ್ಕಪಕ್ಕ ನೋಡಿದಾಗ ಮಕ್ಕಳಿಗೇ ಹೊಳೆಯುತ್ತದೆ.

ನನಗೆ ಜಾಸ್ತಿ ಇಷ್ಟವಾದ ಭಾಗ ಆಮೆಯದು. ಪೈಥಾನ್ ಜೊತೆಯಲ್ಲೇ ಬರುವ ಟರ್ಟಲ್‌ನಲ್ಲಿ ಒಂದು ಪುಟ್ಟ ಗುರುತು ಪರದೆಯ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ಫೈಲಿನ ಮೇಲ್ಗಡೆ `from turtle import *` ಅಂತ ಮೊದಲೇ ಬರೆಸಿರುತ್ತೇನೆ, ಸ್ಲೈಡಿನಲ್ಲಿ ಇಷ್ಟೇ:

```python
for i in range(4):
    forward(100)
    right(90)
```

ಚೌಕ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮುಂದಿನ ಸ್ಲೈಡಿನಲ್ಲಿ `range(3)` ಇದೆ, ಕೋನದ ಜಾಗ ಖಾಲಿ. ತ್ರಿಭುಜ ಬರಬೇಕು, ಎಷ್ಟು ತಿರುಗಬೇಕು? ಗಣಿತ ಚೆನ್ನಾಗಿ ಬರುವವರೇ ಮೊದಲು ಸಿಕ್ಕಿಬೀಳುವುದು ಇಲ್ಲಿ. ಸಮಬಾಹು ತ್ರಿಭುಜದ ಕೋನ 60 ಅಲ್ವಾ ಅಂತ 60 ಹಾಕುತ್ತಾರೆ. ಓಡಿಸಿದರೆ ಗೆರೆ ಮುಚ್ಚುವುದೇ ಇಲ್ಲ, ಬಾಯಿ ಬಿಟ್ಟುಕೊಂಡ ಆಕಾರವೊಂದು ಬರುತ್ತದೆ.

ಆಗ ನಾನು ಕೋಡ್ ಸರಿಮಾಡಲು ಹೋಗುವುದಿಲ್ಲ, 60ನ್ನು ಹಾಗೇ ಬಿಟ್ಟು 3ನ್ನು 6 ಮಾಡಿಸುತ್ತೇನೆ. ಆರು ಬದಿಯ ಆಕಾರ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಅಂದರೆ ಅವರು ಬರೆದಿದ್ದು ಅರ್ಧ ಷಡ್ಭುಜ! 60 ಅನ್ನುವುದು ತ್ರಿಭುಜದ ಒಳಗಿನ ಕೋನ. ಆಮೆ ತಿರುಗುವುದು ಹೊರಗಿನ ಕೋನದಷ್ಟು: 180ರಲ್ಲಿ 60 ಕಳೆದರೆ 120. ಇದನ್ನು ನೆಲದ ಮೇಲೆ ನಡೆದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಆಕಾರ ಮುಚ್ಚಿ ಮೊದಲು ನಿಂತ ದಿಕ್ಕಿಗೇ ಮುಖ ಮಾಡಿ ನಿಲ್ಲಬೇಕಾದರೆ ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ ತಿರುಗಿರಬೇಕು. 4 ಸಲ 90, 3 ಸಲ 120, 6 ಸಲ 60. ಮುಂದಿನ ಸ್ಲೈಡಿಗೆ ಎಂಟು ಬದಿ ಕೊಟ್ಟರೆ ಹೆಚ್ಚಿನವರು 360ನ್ನು 8ರಿಂದ ಭಾಗಿಸಿ 45 ಅಂತ ತಾವೇ ಹೇಳುತ್ತಾರೆ. ಸುತ್ತಿನ ಸಂಖ್ಯೆಗೂ ಒಳಗಿನ ಸಾಲಿಗೂ ಸಂಬಂಧ ಇರಬಹುದು ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸ್ಲೈಡ್ ಮಾಡುವವರಿಗೆ ಒಂದೆರಡು ಮಾತು. ಸ್ಲೈಡ್ ತಯಾರಿಸುವ ತಂತ್ರಾಂಶಗಳು ಕೋಡ್ ಅನ್ನು ಮಾಮೂಲಿ ಬರಹ ಅಂದುಕೊಂಡು ತಿದ್ದಿಬಿಡುತ್ತವೆ. ನೇರ ಉದ್ಧರಣ ಚಿಹ್ನೆ ಬಾಗುತ್ತದೆ, `for` ಹೋಗಿ `For` ಆಗುತ್ತದೆ. ಮಗು ಕಾಪಿ ಮಾಡಿ ಹಾಕಿದರೆ `SyntaxError`. ತಾನಾಗಿ ತಿದ್ದುವ ಆಯ್ಕೆಗಳನ್ನು ಮೊದಲೇ ಆಫ್ ಮಾಡಿಡಿ. ಕೋಡ್ ಮೂರ್ನಾಲ್ಕು ಸಾಲು ಮೀರದಿರಲಿ. ಸಾಲು ಉದ್ದವಾಗಿ ಫೋನಿನ ಪರದೆಯಲ್ಲಿ ಮುರಿದು ಕೆಳಗೆ ಬಿದ್ದರೆ ಒಳಗಿನ ಸಾಲು ಯಾವುದು, ಹೊರಗಿನದು ಯಾವುದು ಅಂತ ತಿಳಿಯುವುದಿಲ್ಲ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್ ಬಳಸಿದರೆ ನಾಲ್ಕು ಸ್ಪೇಸ್ ಎದ್ದು ಕಾಣುತ್ತದೆ. ಇನ್ನೊಂದು: ಮಕ್ಕಳು ಆಮೆಯ ಫೈಲಿಗೆ `turtle.py` ಅಂತಲೇ ಹೆಸರಿಡುತ್ತಾರೆ. ಆಗ ಪೈಥಾನ್ ನಿಜವಾದ ಟರ್ಟಲ್ ಬದಲು ಅವರ ಫೈಲನ್ನೇ ತೆರೆಯುತ್ತದೆ, `forward` ಗೊತ್ತಿಲ್ಲ ಅನ್ನುತ್ತದೆ. ಕೋಡ್ ಸರಿಯಿದ್ದೂ ಹೀಗಾದರೆ ಮೊದಲು ಫೈಲಿನ ಹೆಸರು ನೋಡಿ.

ಕೊನೆಯ ಸ್ಲೈಡು `while`ಗೆ.

```python
n = 3
while n > 0:
    print(n)
```

ಇದು ಯಾವಾಗ ನಿಲ್ಲುತ್ತದೆ? 3, 2, 1 ಅಂತ ಬಹಳ ಮಂದಿ ಓದುತ್ತಾರೆ. `n` ಕಡಿಮೆ ಮಾಡುವ ಸಾಲೇ ಇಲ್ಲ, ಆದರೂ ಅವರ ಕಣ್ಣು ಅದನ್ನು ತುಂಬಿಕೊಂಡುಬಿಡುತ್ತದೆ. ಓಡಿಸಿದರೆ ಪರದೆ ತುಂಬಾ 3. ನಿಲ್ಲಿಸಲು `Ctrl+C` ಅಂತ ಸ್ಲೈಡಿನ ಮೂಲೆಯಲ್ಲಿ ಬರೆದಿಡಲೇಬೇಕು. ಆಮೇಲೆ `n = n - 1` ಅನ್ನುವ ಸಾಲು ಕೊಟ್ಟು, ಒಳಗೆ ಹಾಕುತ್ತೀರೋ ಹೊರಗೆ ಹಾಕುತ್ತೀರೋ ಅಂತ ಕೇಳುತ್ತೇನೆ. ಕುಣಿದು ಕೂತವರಿಗೆ ಇದು ಕಷ್ಟವಾಗುವುದಿಲ್ಲ.

ಲೂಪಿನೊಳಗೆ ಲೂಪ್ ಮಾತ್ರ ನಾನು ಈ ಕ್ಯಾರೊಸೆಲ್‌ಗೆ ಸೇರಿಸಿಲ್ಲ. ಅಲ್ಲಿ `i`, `j` ಎರಡನ್ನೂ ಒಟ್ಟಿಗೆ ಹಿಂಬಾಲಿಸಬೇಕು, ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಲೆ ಮರೆತುಹೋಗುತ್ತದೆ. ಅದಕ್ಕೆ ದೊಡ್ಡ ಕಾಗದದ ಮೇಲೆ ಕೋಷ್ಟಕ ಬರೆದು, ಸುತ್ತಿಗೊಂದು ಸಾಲು ತುಂಬಿಸುವುದೇ ವಾಸಿ.